ಆಕ್ಷೇಪಣೆ ಏನೂ ಇಲ್ಲ

ಸಾಲ ಕೊಡುವಾಗ ಅವರು ನಮ್ಮ ಮನೆಗೇ ಬಂದಿದ್ದರು. ಮನೆ ಅಂದರೂ ಹೆಚ್ಚಾಯಿತು; ರಾಮನಗರದ ಆ ಸೈಟಿನಲ್ಲಿ ಆಗ ನಿಂತಿದ್ದದ್ದು ನಾಲ್ಕು ಪಿಲ್ಲರು ಮತ್ತು ಒಂದಷ್ಟು ಸೆಂಟ್ರಿಂಗ್ ಕಂಬ. ಹೌಸಿಂಗ್ ಫೈನಾನ್ಸ್ ಕಂಪನಿಯ ಹುಡುಗ ಜಲ್ಲಿ ಗುಡ್ಡೆಯ ಮೇಲೇ ಕೂತು ಅರ್ಜಿ ತುಂಬಿದ, ನಾವು ಸಹಿ ಮಾಡಬೇಕಾದ ಕಡೆಯೆಲ್ಲ ಪೆನ್ಸಿಲಿನಲ್ಲಿ ಸೊನ್ನೆ ಸುತ್ತಿಕೊಟ್ಟ, ನಮ್ಮಾಕೆ ಕೊಟ್ಟ ಮಜ್ಜಿಗೆ ಕುಡಿದು ‘ಅಕ್ಕಾ, ಗೃಹಪ್ರವೇಶಕ್ಕೆ ಕರೀರಿ’ ಎಂದು ಹೋದ. ಕರೆದೆವು, ಬಂದ, ಊಟವನ್ನೂ ಮಾಡಿದ. ಇಷ್ಟು ವರ್ಷದ ಮೇಲೆ ಸಾಲವನ್ನು ಅವಧಿಗೆ ಮುಂಚೆ ತೀರಿಸುತ್ತೇವೆಂದು ಹೊರಟಾಗ ಆ ಹುಡುಗನ ಫೋನು ಬೇರೆ ಯಾರದೋ ಆಗಿತ್ತು. ಕಚೇರಿ ಎರಡನೇ ಮಹಡಿಗೆ ಏರಿತ್ತು, ಮಜ್ಜಿಗೆಯ ಮಾತು ಅಲ್ಲಿ ಯಾರೂ ಎತ್ತಲಿಲ್ಲ.

ತೀರಿಸುವ ದುಡ್ಡು ಮಾಗಡಿಯಿಂದ ಬಂತು. ನಮ್ಮಾಕೆಯ ತವರಿನ ಹೊಲದಲ್ಲಿ ಅವಳಿಗೂ ಒಂದು ಪಾಲಿತ್ತು. ಅಣ್ಣಂದಿರು ಅದನ್ನು ತಾವೇ ಇಟ್ಟುಕೊಂಡು, ಹಣವನ್ನು ಅವಳ ಖಾತೆಗೆ ಹಾಕಿದರು. ಚನ್ನಪಟ್ಟಣದ ಹೈಸ್ಕೂಲಿನಲ್ಲಿ ಮೇಷ್ಟರಾದ ನನಗೆ ಈ ದುಡ್ಡನ್ನು ಎಲ್ಲಾದರೂ ‘ಹೂಡಬೇಕು’ ಎಂಬ ಆಸೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: “ನಾವು ಸಾಲಕ್ಕೆ ಎಷ್ಟು ಬಡ್ಡಿ ಕಟ್ತಿದೀವಿ?” ಎಂಟೂ ಮುಕ್ಕಾಲು ಎಂದೆ. “ಎಫ್‌ಡಿಗೆ ಅಷ್ಟು ಕೊಡ್ತಾರಾ?” ಕೊಡುವುದಿಲ್ಲ ಎಂದೆ. ಹೂಡಿಕೆಯ ಚರ್ಚೆ ಅಲ್ಲಿಗೆ ಮುಗಿಯಿತು.

ಬಾಕಿ ಇದ್ದ ಅಸಲು 6,40,000 ರೂಪಾಯಿ. ತಿಂಗಳಿಗೆ 17,500ರ ಕಂತು, ಹಾಗೇ ಬಿಟ್ಟಿದ್ದರೆ ಇನ್ನೂ ಮೂರೂವರೆ ವರ್ಷ ನಡೆಯುತ್ತಿತ್ತು. ಕಚೇರಿಯ ಮೇಡಂ ಪರದೆ ನೋಡಿ ನಿಜವಾಗಿ ಬೇಜಾರು ಮಾಡಿಕೊಂಡರು.

“ಯಾಕ್ ಸಾರ್ ಕ್ಲೋಸ್ ಮಾಡ್ತಿದೀರಾ? ನಮ್ಮ ಸರ್ವೀಸಲ್ಲಿ ಏನಾದ್ರೂ ತೊಂದ್ರೆ ಆಯ್ತಾ?”

ತೊಂದರೆ ಏನಿಲ್ಲ, ದುಡ್ಡಿದೆ ಎಂದೆ. ಅದು ಅವರಿಗೆ ಕಾರಣ ಅನ್ನಿಸಿದ ಹಾಗೆ ಕಾಣಲಿಲ್ಲ. ಬಡ್ಡಿ ಇಳಿಸಿಕೊಡುತ್ತೇವೆ ಎಂದರು. ಇಷ್ಟು ವರ್ಷ ಯಾಕೆ ಇಳಿಸಲಿಲ್ಲ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಟಾಪ್-ಅಪ್ ತಗೊಳ್ಳಿ, ಮೇಲೊಂದು ಫ್ಲೋರ್ ಕಟ್ಟಿ ಬಾಡಿಗೆಗೆ ಬಿಡಿ ಎಂದರು. ಕೊನೆಯ ಅಸ್ತ್ರವಾಗಿ, “ಇನ್ಕಮ್ ಟ್ಯಾಕ್ಸಲ್ಲಿ ಉಳಿಯೋದು ಹೋಗತ್ತಲ್ಲ ಸಾರ್!” ಎಂದರು. ಈ ಮಾತನ್ನು ನಮ್ಮ ಸ್ಟಾಫ್ ರೂಮಿನಲ್ಲೂ ಬಹಳ ಕೇಳಿದ್ದೇನೆ, ಅದೂ ಗಣಿತದ ಮೇಷ್ಟರ ಬಾಯಲ್ಲಿ. ಆರು ಲಕ್ಷ ನಲವತ್ತು ಸಾವಿರಕ್ಕೆ ವರ್ಷದ ಬಡ್ಡಿ 56,000. ಹಳೆಯ ಪದ್ಧತಿಯಲ್ಲಿ, ಶೇಕಡಾ 20ರ ಮಟ್ಟದಲ್ಲಿ ತೆರಿಗೆ ಕಟ್ಟುವವನಿಗೆ ಇದರಿಂದ ಉಳಿಯುವುದು ಸುಮಾರು ಹನ್ನೊಂದು ಸಾವಿರ. ಹನ್ನೊಂದು ಉಳಿಯಲಿ ಎಂದು ಐವತ್ತಾರು ಕೊಡಬೇಕಂತೆ. ಮೇಡಂ ಈ ಲೆಕ್ಕ ಕೇಳಿ ನಕ್ಕುಬಿಟ್ಟರು. ಅವರಿಗೂ ಒಂದು ಹೋಮ್ ಲೋನ್ ಇತ್ತಂತೆ.

ಆಮೇಲೆ ಅರ್ಜಿ ಕೊಟ್ಟರು. ಫೋರ್‌ಕ್ಲೋಷರ್ ಸ್ಟೇಟ್‌ಮೆಂಟ್ ಕೇಳುವ ಅರ್ಜಿ. ಸಾಲ ಇಬ್ಬರ ಹೆಸರಲ್ಲಿದ್ದರೆ ಇಬ್ಬರ ಸಹಿಯೂ ಬೇಕು. ‘ಕಾರಣ’ ಎಂಬ ಜಾಗದಲ್ಲಿ ‘ಸ್ವಂತ ಹಣ’ ಎಂದು ಬರೆದೆ. ನಿಜವಾಗಿ ನೋಡಿದರೆ ಕಾರಣ ಏನಿದ್ದರೂ ಒಂದೇ. ಬಡ್ಡಿದರ ಏರಿಳಿಯುವ, ಅಂದರೆ ಫ್ಲೋಟಿಂಗ್ ದರದ ಮನೆ ಸಾಲವನ್ನು ವ್ಯಕ್ತಿಗಳು ಮುಂಚಿತವಾಗಿ ತೀರಿಸಿದರೆ ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ, ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೂ ಅದೇ ಕಟ್ಟಳೆ. ದುಡ್ಡು ಮಾಗಡಿಯ ಹೊಲದಿಂದ ಬಂದರೂ ಸರಿ, ಇನ್ನೊಂದು ಬ್ಯಾಂಕಿನಿಂದ ಬಂದರೂ ಸರಿ.

ಸ್ಟೇಟ್‌ಮೆಂಟು ಬಂತು. ಒಂದೇ ಹಾಳೆ, ಆದರೆ ಮದುವೆ ಮನೆಯ ಮುಯ್ಯಿ ಪುಸ್ತಕಕ್ಕಿಂತ ಎಚ್ಚರದಿಂದ ಓದಬೇಕಾದ ಹಾಳೆ. ಮೊದಲ ಸಾಲು ಅಸಲು. ಎರಡನೆಯದು, ಹಿಂದಿನ ಕಂತು ಬಿದ್ದ 5ನೇ ತಾರೀಕಿನಿಂದ ಸ್ಟೇಟ್‌ಮೆಂಟಿನ ಗಡುವಾದ 15ರವರೆಗಿನ ಬಡ್ಡಿ, 1,534 ರೂಪಾಯಿ. ಫೋರ್‌ಕ್ಲೋಷರ್ ಚಾರ್ಜ್ ಸೊನ್ನೆ. ಅದರ ಕೆಳಗೆ ‘ಇತರೆ’ ಅಂತ 590 ರೂಪಾಯಿ. ಇತರೆ ಅಂದರೇನು ಎಂದು ಕೇಳಿದೆ. ಯಾವುದೋ ಕಾಲದಲ್ಲಿ ಕಂತು ವಾಪಸ್ಸಾಗಿತ್ತಂತೆ, ಅದಕ್ಕೆ 500 ರೂಪಾಯಿ, ಮೇಲೆ ಜಿಎಸ್‌ಟಿ 90. ಆ ತಿಂಗಳ ಪಾಸ್‌ಬುಕ್ಕಿನ ಪುಟ ತೋರಿಸಿದೆ. ಕಂತು ಎರಡು ಸಲ ಕೇಳಿದ್ದರು, ಮೊದಲನೆಯದು ಹೋಗಿತ್ತು, ಎರಡನೆಯದು ವಾಪಸ್ಸಾಗಿತ್ತು. 590 ಅಳಿಸಿಹೋಯಿತು. ಒಟ್ಟು 6,41,534.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಹಾಳೆಯ ಬುಡದಲ್ಲಿ ಸಣ್ಣಕ್ಷರದಲ್ಲಿತ್ತು. 15ರ ನಂತರ ಕಟ್ಟಿದರೆ ದಿನಕ್ಕೆ 153 ರೂಪಾಯಿ 42 ಪೈಸೆ ಹೆಚ್ಚು. ಇದೇ ದಿನದ ಬಡ್ಡಿ. ವರ್ಷದ 56,000ವನ್ನು 365ರಿಂದ ಭಾಗಿಸಿದರೆ ಸಿಗುವುದು ಇಷ್ಟೇ, ಗುಟ್ಟೇನೂ ಇಲ್ಲ. ಆದರೆ ಸಾಲ ಪೂರ್ತಿ ಸಾಯದೆ ಬಾಲ ಅಲ್ಲಾಡಿಸುವುದು ಈ ಪೈಸೆಗಳಿಂದಲೇ.

ನಾನು 15ರ ಶುಕ್ರವಾರ ಮಧ್ಯಾಹ್ನ ಆರ್‌ಟಿಜಿಎಸ್ ಮಾಡಿದೆ. ದುಡ್ಡು ಅವರಿಗೆ ತಲುಪಿತು, ನನ್ನ ಬ್ಯಾಂಕಿನವರು ಯುಟಿಆರ್ ನಂಬರನ್ನೂ ಕೊಟ್ಟರು. ಆ ರಾತ್ರಿ ಮನೆಯಲ್ಲಿ ಪಾಯಸ. ಆದರೆ ಪುಸ್ತಕಕ್ಕೆ ಏರಿಸುವುದು ಅವರ ಬೆಂಗಳೂರಿನ ಕೇಂದ್ರ ಕಚೇರಿ, ಅದಕ್ಕೆ ಶನಿವಾರ ಭಾನುವಾರ ರಜೆ. ಸೋಮವಾರ 18ಕ್ಕೆ ಏರಿಸಿದರು. ಅವರ ಯಂತ್ರ ಮೂರು ದಿನದ ಬಡ್ಡಿ 460 ರೂಪಾಯಿ ಕಡಿಮೆ ಬಂದಿದೆ ಎಂದು ತೀರ್ಮಾನಿಸಿತು. ಕಡಿಮೆ ಬಂದಿದ್ದರಿಂದ ಇದು ಮುಕ್ತಾಯವಲ್ಲ, ಭಾಗಶಃ ಪಾವತಿ ಎಂದು ದಾಖಲಿಸಿಕೊಂಡಿತು. ಅಸಲಿನಲ್ಲಿ 460 ರೂಪಾಯಿ ಉಳಿಸಿಕೊಂಡು ಸಾಲವನ್ನು ಜೀವಂತ ಇಟ್ಟಿತು. ನನ್ನ ಮೊಬೈಲಿಗೆ ಎರಡು ಸಂದೇಶ ಬೆನ್ನುಬೆನ್ನಿಗೆ ಬಂದವು. ಒಂದರಲ್ಲಿ, ಭಾಗಶಃ ಪಾವತಿಗಾಗಿ ಧನ್ಯವಾದ. ಇನ್ನೊಂದರಲ್ಲಿ, ಮುಂದಿನ 5ಕ್ಕೆ ಖಾತೆಯಲ್ಲಿ 17,500 ಸಿದ್ಧವಿರಲಿ.

“ನಾಲ್ಕುನೂರ ಅರವತ್ತಕ್ಕೆ ಹದಿನೇಳೂವರೆ ಸಾವಿರಾನಾ? ಮೀಟರ್ ಬಡ್ಡಿಯೋರೂ ಹೀಗೆ ಕೇಳಲ್ಲ ಕಣ್ರೀ,” ಎಂದಳು ನಮ್ಮಾಕೆ.

ಇಲ್ಲಿ ಯುಟಿಆರ್ ನಂಬರು ಕೆಲಸಕ್ಕೆ ಬಂತು. ಹಣ ಅವರ ಖಾತೆಗೆ ಬಿದ್ದ ದಿನ, ಗಳಿಗೆ ಎರಡೂ ಅದರಲ್ಲಿ ಪತ್ತೆಯಾಗುತ್ತದೆ. ಬಡ್ಡಿ ನಿಲ್ಲಬೇಕಾದದ್ದು ಹಣ ಮುಟ್ಟಿದ ದಿನ, ಅವರು ಬರೆದುಕೊಂಡ ದಿನವಲ್ಲ. ಇಷ್ಟನ್ನೇ ನಾಲ್ಕು ಸಾಲಲ್ಲಿ ಬರೆದು, ಸ್ಟೇಟ್‌ಮೆಂಟಿನ ಪ್ರತಿ ಲಗತ್ತಿಸಿ ಇಮೇಲ್ ಕಳಿಸಿದೆ. ಬಾಯಲ್ಲಿ ಹೇಳಿದಾಗ ‘ನೋಡ್ತೀವಿ ಸಾರ್’ ಎಂದದ್ದು ಇಮೇಲಿನ ನಂತರ ‘ಸರಿ ಮಾಡಿದೀವಿ ಸಾರ್’ ಆಯಿತು. 15ರ ತಾರೀಕಿಗೇ ಸಾಲ ಮುಗಿದಂತೆ ತಿದ್ದಿದರು. ಇಷ್ಟಾದ ಮೇಲೆಯೇ ನಾನು ಕಂತು ಕಡಿತದ ಮ್ಯಾಂಡೇಟ್ ರದ್ದು ಮಾಡಿಸಿದ್ದು. ಪಾಯಸದ ರಾತ್ರಿಯೇ ರದ್ದು ಮಾಡಿಸಿದ್ದರೆ 5ಕ್ಕೆ ಕಂತು ವಾಪಸ್ಸಾಗಿ, ಇನ್ನೊಂದು 590 ಹುಟ್ಟುತ್ತಿತ್ತು.

ಇನ್ನು ಕಾಗದ. ಸಾಲ ತೀರಿದ ಮೇಲೆ ಒಂದು ಪತ್ರ ಕೊಡುತ್ತಾರೆ. ‘ನಿಮ್ಮಿಂದ ಬಾಕಿ ಏನೂ ಇಲ್ಲ, ಈ ಸ್ವತ್ತಿನ ಬಗ್ಗೆ ನಮ್ಮ ಆಕ್ಷೇಪಣೆ ಇಲ್ಲ’ ಎಂಬ ಎನ್‌ಓಸಿ. ಅದು ಬೇಗ ಬಂತು, ಬಣ್ಣದ ಲೆಟರ್‌ಹೆಡ್ಡಿನಲ್ಲಿ, ‘ನಿಮ್ಮ ಒಡನಾಟ ಸಂತಸ ತಂದಿದೆ’ ಎಂಬ ಅರ್ಥದ ಇಂಗ್ಲಿಷಿನೊಂದಿಗೆ. ಅಸಲಿ ಕಾಗದಪತ್ರ ಮಾತ್ರ ಎಲ್ಲೋ ಗೋದಾಮಿನಲ್ಲಿದ್ದವು. “ಬರತ್ತೆ ಸಾರ್, ಒಂದೆರಡು ತಿಂಗಳು ಆಗ್ಬೋದು,” ಎಂದರು.

ಆಗ ನಾನು ರಿಸರ್ವ್ ಬ್ಯಾಂಕಿನ 13 ಸೆಪ್ಟೆಂಬರ್ 2023ರ ಸುತ್ತೋಲೆಯ ಮಾತೆತ್ತಿದೆ. ಪೂರ್ತಿ ಹಣ ಬಂದ 30 ದಿನದೊಳಗೆ ಅಸಲಿ ದಾಖಲೆಗಳನ್ನು ಹಿಂದಿರುಗಿಸಬೇಕು, ಯಾವುದೇ ನೋಂದಣಿಯಲ್ಲಿ ಆ ಸ್ವತ್ತಿನ ಮೇಲಿರುವ ತಮ್ಮ ಹೊರೆಯನ್ನೂ ತೆಗೆಸಬೇಕು. ತಮ್ಮ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಸಾಲಗಾರನಿಗೆ ಕೊಡಬೇಕು. ದಾಖಲೆ ಕಳೆದುಹೋಗಿದ್ದರೆ ನಕಲು ತೆಗೆಸಿಕೊಡಬೇಕು, ಖರ್ಚು ಅವರದೇ. ಅದಕ್ಕೆ ಮಾತ್ರ ಇನ್ನೂ 30 ದಿನ ವಿನಾಯಿತಿ. 2023ರ ಡಿಸೆಂಬರ್ 1ರಿಂದ ಈಚೆಗೆ ದಾಖಲೆ ವಾಪಸ್ಸು ಬರಬೇಕಾದ ಎಲ್ಲ ಸಾಲಕ್ಕೂ ಇದು ಅನ್ವಯ. ದಾಖಲೆಯನ್ನು ಯಾವ ಕಚೇರಿಯಲ್ಲಿ ಪಡೆಯಬೇಕು ಎನ್ನುವುದರಲ್ಲೂ ಸಾಲಗಾರನಿಗೆ ಆಯ್ಕೆ ಉಂಟು. ನಾನು ರಾಮನಗರ ಎಂದು ಬರೆದುಕೊಟ್ಟೆ. ಬೆಂಗಳೂರಿಗೆ ಹೋಗಿ ಬರುವಷ್ಟು ರಜೆ ಯಾವ ಹೆಡ್‌ಮಾಸ್ಟರು ಕೊಡುತ್ತಾರೆ?

ಈ ಸುತ್ತೋಲೆಯ ವಿಷಯ ಮನೆಯಲ್ಲಿ ಹೇಳಿದ್ದು ಬೇರೆ ಪರಿಣಾಮ ಮಾಡಿತು. ಅಲ್ಲಿಯವರೆಗೆ ‘ಇನ್ನೂ ಕೊಡಲಿಲ್ವಾ?’ ಎಂದು ದಿನಾ ಕೇಳುತ್ತಿದ್ದವಳು ಕೇಳುವುದನ್ನೇ ಬಿಟ್ಟಳು. ಒಂದು ದಿನ ರಾಗಿ ಮುದ್ದೆ ತಿರುವುತ್ತಾ, “ಅವರೂ ಮನುಷ್ಯರೇ, ನೀವು ಜಾಸ್ತಿ ಅವಸರ ಮಾಡ್ಬೇಡಿ. ಗಡುವು ದಾಟಿ ಒಂದು ಹದಿನೈದು ದಿನ ತಡ ಮಾಡಿದ್ರೆ ಎಪ್ಪತ್ತೈದು ಸಾವಿರ. ಬಚ್ಚಲಿಗೆ ಟೈಲ್ಸು, ಗೀಸರ್ರು, ಎರಡೂ ಆಗತ್ತೆ,” ಎಂದಳು. ಕಂಪನಿಯವರಿಗೆ ನಮ್ಮ ಬಚ್ಚಲಿನ ಮೇಲೆ ಕರುಣೆ ಇರಲಿಲ್ಲ. ಗಡುವಿಗೆ ಮುಂಚಿನ ಸಂಜೆ ಫೋನು ಮಾಡಿ, ಕಾಗದ ಬಂದಿದೆ, ತಗೊಂಡು ಹೋಗಿ ಎಂದರು.

ಹೋದರೆ, ಮೊಹರು ಮಾಡಿದ ಲಕೋಟೆ ಮುಂದಿಟ್ಟು, “ಎಲ್ಲಾ ಸರಿಯಾಗಿ ಬಂದಿದೆ ಅಂತ ಇಲ್ಲಿ ಸೈನ್ ಹಾಕಿ,” ಎಂದರು. ತೆರೆಯದೆ ಸರಿಯಾಗಿದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಸಾಲ ಪಡೆಯುವಾಗ ಒಪ್ಪಿಸಿದ ದಾಖಲೆಗಳ ಪಟ್ಟಿಯೊಂದನ್ನು ನಮಗೂ ಕೊಟ್ಟಿರುತ್ತಾರೆ. ನನ್ನ ಹತ್ತಿರ ಅದರ ಪ್ರತಿ ಇತ್ತು. ಪಕ್ಕದ ಕುರ್ಚಿಯಲ್ಲಿ ಕೂತು ಲಕೋಟೆ ಬಿಚ್ಚಿ ಒಂದೊಂದೇ ಟಿಕ್ ಹಾಕುತ್ತ ಹೋದೆ. ನಮ್ಮ ಕ್ರಯಪತ್ರ, ಪುಟ ಎಣಿಸಿ, ಪ್ರತಿ ಹಾಳೆಯ ಹಿಂದೆ ಸಬ್‌ರಿಜಿಸ್ಟ್ರಾರ್ ಮೊಹರು ನೋಡಿ. ನಮಗಿಂತ ಹಿಂದಿನವರ ಮೂಲಪತ್ರ. ಖಾತೆ, ಕಂದಾಯದ ರಸೀದಿ. ಕಟ್ಟಡದ ನಕ್ಷೆ ಇರಲಿಲ್ಲ. ಅದರ ಬದಲು ಕನಕಪುರದ ಕಡೆಯ ಯಾರದೋ ಮನೆಯ ನಕ್ಷೆ ಇತ್ತು. ಚೆನ್ನಾಗಿದ್ದ ಮನೆ, ಬಚ್ಚಲು ನಮ್ಮದಕ್ಕಿಂತ ದೊಡ್ಡದು. ನಮ್ಮ ನಕ್ಷೆ ಅವರ ಲಕೋಟೆಯಲ್ಲಿತ್ತೆಂದು ಆಮೇಲೆ ತಿಳಿಯಿತು. ‘ನಕ್ಷೆ ಬಂದಿಲ್ಲ’ ಎಂದು ಪಟ್ಟಿಯಲ್ಲಿ ಬರೆದು ಅದರ ಕೆಳಗೆ ಸಹಿ ಹಾಕಿದೆ. ಅದೂ ಹಿಂದೆಯೇ ಬಂತು.

ಆ ಕಾಗದಗಳನ್ನು ಒಟ್ಟಿಗೆ ಹರಡಿಕೊಂಡು ಕೂತಾಗ ನನಗೆ ಬೇರೊಂದು ಸೋಜಿಗ ಕಂಡಿತು. ಮೂಲಪತ್ರದಲ್ಲಿ ನಮ್ಮ ಸೈಟು ಬೆಂಗಳೂರು ಜಿಲ್ಲೆಯಲ್ಲಿದೆ. 1986ರಲ್ಲಿ ಆ ಜಿಲ್ಲೆ ಒಡೆದದ್ದರಿಂದ ಕ್ರಯಪತ್ರದ ಹೊತ್ತಿಗೆ ಅದು ಬೆಂಗಳೂರು ಗ್ರಾಮಾಂತರಕ್ಕೆ ಬಂದಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ 2007ರಲ್ಲಿ ಹೊಸ ಜಿಲ್ಲೆಯಾಯಿತಲ್ಲ, ಸಾಲದ ಕರಾರಿನಲ್ಲಿ ಅದು ರಾಮನಗರ ಜಿಲ್ಲೆ. 2025ರಲ್ಲಿ ಹೆಸರು ಬದಲಾಗಿ ಎನ್‌ಓಸಿಯಲ್ಲಿ ಬೆಂಗಳೂರು ದಕ್ಷಿಣ. ಸೈಟು ಒಂದಂಗುಲ ಅಲ್ಲಾಡದೆ ನಾಲ್ಕು ಜಿಲ್ಲೆ ಸುತ್ತಿತ್ತು. ಇದರಿಂದ ಕಾನೂನಿಗೆ ತೊಂದರೆ ಏನಿಲ್ಲ. ಸರ್ವೆ ನಂಬರು, ಚೆಕ್ಕುಬಂದಿ ಸರಿ ಇದ್ದರೆ ಸಾಕು. ಆದರೆ ಕೌಂಟರಿನಲ್ಲಿ ಕೂತವರು ಪ್ರತಿ ಸಲವೂ ಕಾಗದ ಎತ್ತಿ, “ಇದು ಯಾವ ಜಿಲ್ಲೆ ಸಾರ್?” ಎಂದೇ ಕೇಳುತ್ತಾರೆ.

ಕೌಂಟರು ಅಂದದ್ದು ಸಬ್‌ರಿಜಿಸ್ಟ್ರಾರ್ ಕಚೇರಿಯದು. ಎನ್‌ಓಸಿ ಬಂತು, ಕಾಗದ ಬಂತು, ಇನ್ನೇಕೆ ಅಲ್ಲಿಗೆ ಹೋದೆ ಅಂದರೆ, ಅದಕ್ಕೆ ಕಾರಣ ಕನಕಪುರದ ನಮ್ಮ ಷಡ್ಡಕರು.

ಅವರು ಸಾಲ ತೀರಿಸಿ ಬಹಳ ವರ್ಷವಾಗಿತ್ತು. ಶಿಸ್ತಿನ ಮನುಷ್ಯ. ಎನ್‌ಓಸಿಯನ್ನು ಲ್ಯಾಮಿನೇಟ್ ಮಾಡಿಸಿ, ಕಟ್ಟು ಹಾಕಿಸಿ, ದೇವರ ಫೋಟೊಗಳ ಸಾಲಿನಲ್ಲೇ ನೇತುಹಾಕಿದ್ದರು. ವರಮಹಾಲಕ್ಷ್ಮಿ ಹಬ್ಬಕ್ಕೆ ಅದಕ್ಕೂ ಒಂದು ಹೂ. ಈಚೆಗೆ ಆ ಮನೆ ಮಾರಲು ಹೊರಟರು, ಅಡ್ವಾನ್ಸಿನ ಮಾತೂ ಆಯಿತು. ಕೊಳ್ಳುವವರ ವಕೀಲರು ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಿದರು. ಫಾರಂ 15ರಲ್ಲಿ ಬ್ಯಾಂಕಿನ ಅಡಮಾನ ಕಣ್ಣಿಗೆ ಹೊಡೆಯುವ ಹಾಗೆ ಕೂತಿತ್ತು. ಷಡ್ಡಕರು ಗೋಡೆಯಿಂದ ಫೋಟೊ ಇಳಿಸಿಕೊಂಡು ಹೋಗಿ ತೋರಿಸಿದರು. ವಕೀಲರು, “ಇದು ನಿಮಗೆ ಅವರು ಬರೆದ ಪತ್ರ. ರಿಜಿಸ್ಟರಿಗೆ ಯಾರು ಬರೆದರು?” ಎಂದರು. ಅಡ್ವಾನ್ಸು ನಿಂತುಹೋಯಿತು.

ವಿಷಯ ಇಷ್ಟು. ಸಾಲ ಕೊಡುವಾಗ ನಮ್ಮ ಹಕ್ಕುಪತ್ರಗಳನ್ನು ಒತ್ತೆ ಇಟ್ಟುಕೊಂಡದ್ದಕ್ಕೆ ಒಂದು ಪತ್ರ ಆಗುತ್ತದೆ, ಎಂಓಡಿ ಎನ್ನುತ್ತಾರೆ. ಎಲ್ಲರೂ ಅದನ್ನು ನೋಂದಾಯಿಸುವುದಿಲ್ಲ, ಆದರೆ ನೋಂದಣಿ ಆಗಿದ್ದರೆ ಅದು ಇ.ಸಿ.ಯಲ್ಲಿ ಬರುತ್ತದೆ. ಅದನ್ನು ಬಿಡಿಸಲು ಸಾಲ ಕೊಟ್ಟವರೇ ಸಬ್‌ರಿಜಿಸ್ಟ್ರಾರ್ ಮುಂದೆ ಖುಲಾಸೆ ಪತ್ರ ನೋಂದಾಯಿಸಿಕೊಡಬೇಕು. ಎನ್‌ಓಸಿ ಎಷ್ಟು ಚೆಂದ ಇದ್ದರೂ ಆ ಕೆಲಸ ಮಾಡುವುದಿಲ್ಲ. ಷಡ್ಡಕರ ಕಷ್ಟ ಇನ್ನೊಂದು ಸುತ್ತು ಹೆಚ್ಚು. ಮೈಸೂರು ಬ್ಯಾಂಕು 2017ರಲ್ಲಿ, ವಿಜಯಾ 2019ರಲ್ಲಿ, ಸಿಂಡಿಕೇಟು, ಕಾರ್ಪೊರೇಷನ್ 2020ರಲ್ಲಿ ಬೇರೆ ಬ್ಯಾಂಕುಗಳೊಳಗೆ ಸೇರಿಹೋದ ನಾಡು ಇದು. ಅವರು ಸಾಲ ತೀರಿಸಿದ ಬ್ಯಾಂಕಿನ ಹೆಸರಿನ ಬೋರ್ಡೇ ಈಗ ಊರಲ್ಲಿಲ್ಲ. ಖುಲಾಸೆಗೆ ಸಹಿ ಹಾಕಬೇಕಾದವರು ಹೊಸ ಬ್ಯಾಂಕಿನವರು, ಅವರಿಗೆ ಹಳೆಯ ಕಡತ ಹುಡುಕಬೇಕು.

ಇದನ್ನು ಕಣ್ಣಾರೆ ಕಂಡದ್ದರಿಂದ ನಾನು ಎನ್‌ಓಸಿಗೆ ಕಟ್ಟು ಹಾಕಿಸದೆ, ನಮ್ಮ ಇ.ಸಿ. ತೆಗೆಸಿದೆ. ನಿರೀಕ್ಷೆಯಂತೆ ಅಡಮಾನ ಅಲ್ಲಿತ್ತು. ಕಚೇರಿಯ ಮೇಡಂಗೆ ಹೇಳಿದರೆ, ಆ ಸಹಿಗೆ ಅಧಿಕಾರ ಇರುವವರು ಬೆಂಗಳೂರಿನಲ್ಲಿ ಒಬ್ಬರೇ, ಈ ಕಡೆಯ ನಾಲ್ಕೈದು ಗಿರಾಕಿ ಕೂಡಿದ ಮೇಲೆ ಒಟ್ಟಿಗೆ ಬರುತ್ತಾರೆ ಎಂದರು. ಸುತ್ತೋಲೆಯ ‘ಯಾವುದೇ ನೋಂದಣಿ’ ಎಂಬ ಮಾತಿನ ಕೆಳಗೆ ಗೆರೆ ಎಳೆದು ಮತ್ತೊಂದು ಇಮೇಲ್ ಹಾಕಿದೆ. ಗಿರಾಕಿ ಕೂಡುವ ಮುಂಚೆಯೇ ಅಧಿಕಾರಿ ಬಂದರು. ಬಂದ ದಿನ ಸರ್ವರ್ ಇರಲಿಲ್ಲ. ಅವರೂ ನಾನೂ ಹೊರಗಿನ ಬೆಂಚಿನಲ್ಲಿ ಕೂತು ಟೀ ಕುಡಿದೆವು. ಶೋಲೆ ಚಿತ್ರ ತೆಗೆದ ಬೆಟ್ಟ ಇಲ್ಲಿಂದ ಕಾಣುತ್ತದಾ ಎಂದು ಅವರು ಕೇಳಿದರು, ನಾನು ಕೈ ತೋರಿಸಿದೆ. ಸಂಜೆ ಮುಚ್ಚುವ ಹೊತ್ತಿಗೆ ಸರ್ವರ್ ಬಂತು, ಫೋಟೊ, ಹೆಬ್ಬೆಟ್ಟು, ಎಲ್ಲ ಆಯಿತು. ಸೆರ್ಸಾಯ್ ಎಂಬ ಕೇಂದ್ರದ ದಾಖಲೆಯಿಂದಲೂ ಅಡಮಾನ ತೆಗೆದಿದ್ದಕ್ಕೆ ಒಂದು ಪ್ರಿಂಟ್ ಕೇಳಿ ಪಡೆದೆ. ಅದು ಬ್ಯಾಂಕು, ಕಂಪನಿಗಳು ತಮ್ಮೊಳಗೆ ನೋಡಿಕೊಳ್ಳುವ ಪಟ್ಟಿ, ಒಂದೇ ಸ್ವತ್ತಿನ ಮೇಲೆ ಇಬ್ಬರು ಸಾಲ ಕೊಟ್ಟುಬಿಡಬಾರದೆಂದು. ಸಿಬಿಲ್‌ನಲ್ಲಿ ‘ಕ್ಲೋಸ್ಡ್’ ಎಂದು ಬಂದಿತ್ತು. ‘ಸೆಟಲ್ಡ್’ ಎಂದಿದ್ದರೆ ಜಗಳ ತೆಗೆಯಬೇಕಿತ್ತು, ಅದು ಪೂರ್ತಿ ಕಟ್ಟದೆ ರಾಜಿ ಮಾಡಿಕೊಂಡವರಿಗೆ ಹಾಕುವ ಮುದ್ರೆ.

ಹೊಸ ಇ.ಸಿ. ತೆಗೆದು ಷಡ್ಡಕರಿಗೆ ತೋರಿಸಲು ಕನಕಪುರಕ್ಕೆ ಹೋದೆ. ಅವರು ಕನ್ನಡಕ ಏರಿಸಿ ನೋಡಿ ಗಾಬರಿಯಾದರು.

“ಮೇಷ್ಟ್ರೇ, ಅಡಮಾನ ಇನ್ನೂ ಇಲ್ಲೇ ಐತಲ್ರೀ!”

ಇರುತ್ತದೆ. ಇ.ಸಿ.ಯಲ್ಲಿ ಒಮ್ಮೆ ಬಂದ ಸಾಲು ಅಳಿಯುವುದಿಲ್ಲ. ಅದರ ಮುಂದೆ ಖುಲಾಸೆಯದೊಂದು ಸಾಲು ಸೇರುತ್ತದೆ, ಅಷ್ಟೇ. ಎರಡನ್ನೂ ಜೋಡಿಸಿ ಓದಬೇಕು. ಎರಡನೆಯದರಲ್ಲಿ ಕೊಟ್ಟವರು ಕಂಪನಿ, ಪಡೆದವರು ನಾವು, ಸ್ವತ್ತಿನ ವಿವರ ಮೊದಲನೆಯದಕ್ಕೆ ಹೊಂದಬೇಕು. ಇದನ್ನು ಬಿಡಿಸಿ ಹೇಳಿದೆ. ಷಡ್ಡಕರು ಬೆರಳಿಟ್ಟು ಎರಡೂ ಸಾಲು ಓದಿ ಸಮಾಧಾನಪಟ್ಟರು. ಮಾರನೆಯ ವಾರವೇ ತಮ್ಮ ಹೊಸ ಬ್ಯಾಂಕಿನ ಬೆನ್ನು ಹತ್ತಿದರು. ಅಲ್ಲಿಯವರು ಹಳೆಯ ಎನ್‌ಓಸಿಯ ಅಸಲು ಕೇಳಿದರಂತೆ, ಇವರು ಕಟ್ಟು ಹಾಕಿದ ಫೋಟೊ ಮೇಜಿನ ಮೇಲಿಟ್ಟರಂತೆ, ಅದರ ಮೇಲೆ ಇನ್ನೂ ಕುಂಕುಮ ಇತ್ತಂತೆ. ಕೊನೆಗೂ ಖುಲಾಸೆ ಆಯಿತು. ಮೊನ್ನೆ ರಾತ್ರಿ ಫೋನು ಮಾಡಿದರು.

“ಇ.ಸಿ. ಬಂತು ಮೇಷ್ಟ್ರೇ, ಎರಡು ಸಾಲೂ ಐತೆ. ಇದನ್ನ ಲ್ಯಾಮಿನೇಟ್ ಮಾಡಿಸ್ಲಾ?”

“ಬೇಡ ಅಣ್ಣಾ. ಅದರಲ್ಲಿ ಲೆಕ್ಕ ಇರೋದು ತೆಗೆಸಿದ ದಿನದವರೆಗೆ ಮಾತ್ರ. ಕ್ರಯದ ದಿನ ಅವರು ಇನ್ನೊಂದು ಹೊಸದು ಕೇಳ್ತಾರೆ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

“ಮತ್ತೆ ಗೋಡೆ ಮೇಲೆ ಮೊಳೆ ಖಾಲಿ ಐತಲ್ಲ?” ಎಂದರು.